ಲೋಮನಾಳದ ನೀರು, ಪ್ರೋಟೀನಿನ ಸೆಳೆತ ಮತ್ತು ಬಾವು: ಸ್ಟಾರ್ಲಿಂಗ್ ಸಮತೋಲನದ ಹಿನ್ನೆಲೆ

ವೈದ್ಯಕೀಯ ಮತ್ತು ನರ್ಸಿಂಗ್ ಪರೀಕ್ಷೆಗಳಲ್ಲಿ ಎಡಿಮಾ, ಅಂದರೆ ಅಂಗಾಂಶದಲ್ಲಿ ನೀರು ಸೇರಿ ಉಂಟಾಗುವ ಬಾವಿನ ಬಗ್ಗೆ ಪ್ರಶ್ನೆ ಬಂದಾಗ ಬಹುತೇಕ ಉತ್ತರಗಳು ಒಂದೇ ಚಿತ್ರದಿಂದ ಆರಂಭವಾಗುತ್ತವೆ. ಅಡ್ಡಲಾಗಿ ಮಲಗಿದ ಒಂದು ಕೊಳವೆ. ಅಪಧಮನಿಯ ತುದಿಯಲ್ಲಿ ಹೊರಮುಖವಾದ ಬಾಣ, ಅಭಿಧಮನಿಯ ತುದಿಯಲ್ಲಿ ಒಳಮುಖವಾದ ಬಾಣ. ಒಂದು ತುದಿಯಲ್ಲಿ ಸೋಸಿಹೋದ ನೀರು ಇನ್ನೊಂದು ತುದಿಯಲ್ಲಿ ಮರಳಿ ಬರುತ್ತದೆ ಎಂಬುದು ಅದರ ಅರ್ಥ. ಈ ಚಿತ್ರಕ್ಕೆ ಆಧಾರವಾದ ವಿಚಾರ 1896ರದು. ಅದರಲ್ಲಿನ ಒತ್ತಡಗಳ ಲೆಕ್ಕ ಇಂದಿಗೂ ನಿಂತಿದೆ, ಆದರೆ ಎರಡನೆಯ ಬಾಣ ಹೆಚ್ಚಿನ ಅಂಗಾಂಶಗಳಲ್ಲಿ ನಿಲ್ಲುವುದಿಲ್ಲ ಎಂದು ಆನಂತರ ತಿಳಿದುಬಂದಿದೆ.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿದ್ದವು. ರಕ್ತದ ಒತ್ತಡದಿಂದ ದ್ರವವು ಲೋಮನಾಳದ ಗೋಡೆಯ ಮೂಲಕ ಸೋಸಿ ಹೊರಬರುತ್ತದೆ, ಅದೇ ದುಗ್ಧರಸವಾಗುತ್ತದೆ ಎಂದು ಕಾರ್ಲ್ ಲುಡ್ವಿಗ್ ವಾದಿಸಿದ್ದರು. ಜಿಗಣೆಯ ಸತ್ವದಂಥ ಕೆಲವು ವಸ್ತುಗಳನ್ನು ರಕ್ತಕ್ಕೆ ಸೇರಿಸಿದರೆ ರಕ್ತದೊತ್ತಡ ಏರದಿದ್ದರೂ ದುಗ್ಧರಸದ ಹರಿವು ಹೆಚ್ಚುವುದನ್ನು 1891ರಲ್ಲಿ ತೋರಿಸಿದ ರುಡಾಲ್ಫ್ ಹೈಡೆನ್‌ಹೈನ್, ಗ್ರಂಥಿಯ ಕೋಶಗಳಂತೆ ಲೋಮನಾಳದ ಕೋಶಗಳೇ ದ್ರವವನ್ನು ಸ್ರವಿಸುತ್ತವೆ ಎಂದು ತೀರ್ಮಾನಿಸಿದರು. ಅವರ ಪ್ರಯೋಗಾಲಯದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಲಂಡನ್ನಿಗೆ ಮರಳಿದ ಅರ್ನೆಸ್ಟ್ ಸ್ಟಾರ್ಲಿಂಗ್‌ಗೆ ಈ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಆ ವಸ್ತುಗಳು ಗೋಡೆಯನ್ನೇ ಹೆಚ್ಚು ಸೋರುವಂತೆ ಮಾಡುತ್ತಿರಬಹುದಲ್ಲ ಎಂಬುದು ಅವರ ಸಂಶಯ. ಆದರೆ ಸೋಸುವಿಕೆಯ ಪಕ್ಷಕ್ಕೂ ಒಂದು ತೊಡಕಿತ್ತು: ಒತ್ತಡ ನೀರನ್ನು ಹೊರದಬ್ಬುತ್ತದೆ ಎಂದಾದರೆ, ಅಂಗಾಂಶದಿಂದ ರಕ್ತಕ್ಕೆ ನೀರನ್ನು ಮರಳಿ ಎಳೆಯುವುದು ಯಾವುದು?

ಗೈಸ್ ಆಸ್ಪತ್ರೆಯಲ್ಲಿ ಅವರು ನಡೆಸಿದ ಪ್ರಯೋಗ ಸರಳವಾಗಿತ್ತು. ನಾಯಿಯ ಹಿಂಗಾಲಿನ ಅಂಗಾಂಶಕ್ಕೆ ಉಪ್ಪುನೀರನ್ನು ಚುಚ್ಚಿ ಬಾವು ಬರಿಸಿ, ಆ ಕಾಲಿನ ರಕ್ತನಾಳಗಳ ಮೂಲಕ ಅದೇ ಪ್ರಾಣಿಯ ರಕ್ತವನ್ನು ಮತ್ತೆ ಮತ್ತೆ ಹರಿಸಿದರು. ಹರಿದ ರಕ್ತ ತೆಳ್ಳಗಾಯಿತು, ಅಂದರೆ ಅಂಗಾಂಶದ ನೀರು ರಕ್ತಕ್ಕೆ ಸೇರಿತ್ತು. ಉಪ್ಪುನೀರಿನ ಬದಲು ರಕ್ತದ ಸೀರಮ್ಮನ್ನೇ ತುಂಬಿ ಬಾವು ಬರಿಸಿದಾಗ ಹೀಗಾಗಲಿಲ್ಲ. ಎರಡು ದ್ರವಗಳಿಗೂ ಇರುವ ಮುಖ್ಯ ವ್ಯತ್ಯಾಸ ಪ್ರೋಟೀನು. ಉಪ್ಪಿನ ಕಣಗಳು ಲೋಮನಾಳದ ಗೋಡೆಯನ್ನು ಸಲೀಸಾಗಿ ದಾಟಿ ಎರಡೂ ಕಡೆ ಸಮನಾಗುವುದರಿಂದ ಅವು ನೀರನ್ನು ಒಂದು ಕಡೆಗೆ ಹಿಡಿದಿಡಲಾರವು. ಪ್ರೋಟೀನು ಸುಲಭವಾಗಿ ದಾಟಲಾರದೆ ಒಳಗೇ ಉಳಿದು ನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಈ ಸೆಳೆತವೇ ಆಂಕೋಟಿಕ್ ಒತ್ತಡ. ಸ್ಟಾರ್ಲಿಂಗ್ ಅದನ್ನು ಅಳೆದಾಗ ಅದು ಲೋಮನಾಳದೊಳಗಿನ ರಕ್ತದ ಒತ್ತಡಕ್ಕೆ ಸರಿಸುಮಾರು ಸಾಟಿಯಾಗುವಷ್ಟಿತ್ತು.

ಇದನ್ನು ವಿವರಿಸುವಾಗ ವಿದ್ಯಾರ್ಥಿಗಳು ಆಸ್ಮಾಟಿಕ್ ಮತ್ತು ಆಂಕೋಟಿಕ್ ಒತ್ತಡಗಳನ್ನು ಒಂದೇ ಎಂಬಂತೆ ಬರೆದುಬಿಡುತ್ತಾರೆ. ಪ್ಲಾಸ್ಮಾದ ಒಟ್ಟು ಆಸ್ಮಾಟಿಕ್ ಒತ್ತಡ 5,000 ಮಿ.ಮೀ. ಪಾದರಸಕ್ಕಿಂತ ಹೆಚ್ಚು, ಅದರ ಬಹುಪಾಲು ಉಪ್ಪಿನದು, ಹಾಗಾಗಿ ಲೋಮನಾಳದ ಗೋಡೆಯಲ್ಲಿ ಅದಕ್ಕೆ ಕೆಲಸವಿಲ್ಲ. ಪ್ರೋಟೀನಿನ ಪಾಲು ಸುಮಾರು 28 ಮಾತ್ರ, ಅದರಲ್ಲೂ 22ರಷ್ಟು ಆಲ್ಬುಮಿನ್‌ನದು.

ಸ್ಟಾರ್ಲಿಂಗ್ ಹೇಳಿದ್ದು ಸಮತೋಲನದ ಮಾತನ್ನು. ಅದಕ್ಕೆ ಅಂಕಿಗಳನ್ನು ಒದಗಿಸಿದವರು ಅಮೆರಿಕದ ಯೂಜಿನ್ ಲ್ಯಾಂಡಿಸ್. 1920ರ ದಶಕದಲ್ಲಿ ಅವರು ಕೂದಲೆಳೆಯಂಥ ಗಾಜಿನ ಕೊಳವೆಯನ್ನು ಕಪ್ಪೆಯ ಲೋಮನಾಳಕ್ಕೆ ಚುಚ್ಚಿ ಒಳಗಿನ ಒತ್ತಡವನ್ನು ನೇರವಾಗಿ ಅಳೆದರು. 1930ರಲ್ಲಿ ಮನುಷ್ಯರ ಉಗುರಿನ ಬುಡದ ಲೋಮನಾಳಗಳಲ್ಲಿ ಅಪಧಮನಿಯ ಕಡೆ ಸರಾಸರಿ 32, ಅಭಿಧಮನಿಯ ಕಡೆ 12 ಮಿ.ಮೀ. ಪಾದರಸ ಸಿಕ್ಕಿತು. ಪ್ರೋಟೀನಿನ ಸೆಳೆತ ಈ ಎರಡರ ನಡುವೆ ಬೀಳುತ್ತದೆ. ಎರಡು ಬಾಣಗಳ ಚಿತ್ರ ಪಠ್ಯಪುಸ್ತಕಗಳಲ್ಲಿ ಬೇರೂರಿದ್ದು ಈ ಹೊಂದಿಕೆಯಿಂದ. ಪರೀಕ್ಷೆಯಲ್ಲಿ ಬರೆಯಬೇಕಾದ ಸಮೀಕರಣ ಹೀಗಿದೆ:

```
Jv = Kf [(Pc − Pi) − σ(πc − πi)]
```

ಇಲ್ಲಿ `Jv` ಎಂದರೆ ಹೊರಹೋಗುವ ದ್ರವದ ಪ್ರಮಾಣ. `Pc` ಲೋಮನಾಳದೊಳಗಿನ ಒತ್ತಡ, `Pi` ಅಂಗಾಂಶದ್ದು. `πc` ಪ್ಲಾಸ್ಮಾ ಪ್ರೋಟೀನಿನ ಸೆಳೆತ, `πi` ಅಂಗಾಂಶದ ಪ್ರೋಟೀನಿನದು. `Kf` ಗೋಡೆ ಎಷ್ಟು ಸುಲಭವಾಗಿ ನೀರು ಬಿಡುತ್ತದೆ ಎಂಬುದರ ಅಳತೆ. `σ` ಗೋಡೆ ಪ್ರೋಟೀನನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಹೇಳುತ್ತದೆ: ಪೂರ್ತಿ ತಡೆದರೆ 1, ಸ್ವಲ್ಪವೂ ತಡೆಯದಿದ್ದರೆ 0. ಪಠ್ಯಗಳಲ್ಲಿ ಬಳಕೆಯಲ್ಲಿರುವ ಸರಾಸರಿ ಬೆಲೆಗಳನ್ನು ಹಾಕಿ, `σ` 1 ಎಂದೇ ಹಿಡಿಯೋಣ. ಲೋಮನಾಳದ ಒತ್ತಡ 17.3, ಅಂಗಾಂಶದ ಒತ್ತಡ ಮೈನಸ್ 3, ಅಂಗಾಂಶದ ಪ್ರೋಟೀನು 8. ಮೂರೂ ಸೇರಿ ಹೊರಕ್ಕೆ 28.3. ಒಳಕ್ಕೆ ಎಳೆಯುವುದು 28. ಉಳಿಯುವುದು ಕೇವಲ 0.3 ಮಿ.ಮೀ. ಪಾದರಸ. ಇಷ್ಟು ಸಣ್ಣ ಅಂತರವೇ ಇಡೀ ದೇಹದಲ್ಲಿ ನಿಮಿಷಕ್ಕೆ ಸುಮಾರು 2 ಮಿ.ಲೀ., ದಿನಕ್ಕೆ ಹೆಚ್ಚುಕಡಿಮೆ 3 ಲೀಟರ್ ದ್ರವವನ್ನು ಹೊರಹಾಕುತ್ತದೆ, ಮತ್ತು ಅದನ್ನು ರಕ್ತಕ್ಕೆ ಮರಳಿಸುವುದು ದುಗ್ಧನಾಳಗಳು.

ಎರಡನೆಯ ಬಾಣಕ್ಕೆ ಪೆಟ್ಟು ಬಿದ್ದದ್ದು 1987ರಲ್ಲಿ. ಚಾರ್ಲ್ಸ್ ಮಿಷೆಲ್ ಮತ್ತು ಫಿಲಿಪ್ಸ್ ಕಪ್ಪೆಯ ಒಂದೊಂದೇ ಲೋಮನಾಳವನ್ನು ಹಿಡಿದು, ಒಳಗಿನ ಒತ್ತಡವನ್ನು ಪ್ರೋಟೀನಿನ ಸೆಳೆತಕ್ಕಿಂತ ಕೆಳಗಿಳಿಸಿದರು. ತಟ್ಟನೆ ಇಳಿಸಿದಾಗ ನೀರು ಒಳಗೆ ಬಂದದ್ದು ನಿಜ. ಆದರೆ ಅದೇ ತಗ್ಗಿದ ಒತ್ತಡದಲ್ಲಿ ಕೆಲವು ನಿಮಿಷ ಬಿಟ್ಟು ಅಳೆದಾಗ ಹೀರಿಕೆ ನಿಂತುಹೋಗಿತ್ತು. ಕಾರಣ ಯೋಚಿಸಿದರೆ ಸಹಜವಾಗಿಯೇ ಇದೆ: ನೀರು ಒಳಗೆ ಬರುವಾಗ ಪ್ರೋಟೀನು ಹೊರಗೆ ಉಳಿದು ಗೋಡೆಯ ಬೆನ್ನಿಗೇ ಗಟ್ಟಿಯಾಗುತ್ತದೆ, ಅಲ್ಲಿನ ಸೆಳೆತ ಏರುತ್ತದೆ, ಹೀರಿಕೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಲೋಮನಾಳದ ಒಳಮೈಗೆ ಹೊದಿಕೆಯಂತಿರುವ ಗ್ಲೈಕೋಕ್ಯಾಲಿಕ್ಸ್ ಎಂಬ ತೆಳುಪದರವೇ ಪ್ರೋಟೀನನ್ನು ತಡೆಯುವ ಜರಡಿ, ಹಾಗಾಗಿ ಲೆಕ್ಕಕ್ಕೆ ಬರುವುದು ಆ ಪದರದ ಬೆನ್ನಿಗಿರುವ ದ್ರವದ ಪ್ರೋಟೀನು ಎಂಬ ತಿದ್ದುಪಡಿಯೂ 1990ರ ದಶಕದಲ್ಲಿ ಬಂತು. ಕರುಳಿನ ಒಳಪೊರೆ, ಮೂತ್ರಪಿಂಡದ ಸೂಕ್ಷ್ಮನಾಳಗಳ ಸುತ್ತಲಿನ ಲೋಮನಾಳ, ದುಗ್ಧಗ್ರಂಥಿ ಇವು ಅಪವಾದಗಳು. ಅಲ್ಲಿ ಬೇರೆ ಮೂಲದಿಂದ ದ್ರವ ಬರುತ್ತಲೇ ಇದ್ದು ಪ್ರೋಟೀನನ್ನು ತೊಳೆದುಹಾಕುವುದರಿಂದ ಹೀರಿಕೆ ನಿರಂತರ. ಉತ್ತರದಲ್ಲಿ ಹಳೆಯ ಚಿತ್ರ ಬರೆದರೆ ಅಂಕ ಹೋಗಲಾರದು. ಆದರೆ ಅದರ ಕೆಳಗೆ ಈ ತಿದ್ದುಪಡಿಯನ್ನು ಎರಡು ವಾಕ್ಯದಲ್ಲಿ ಸೇರಿಸಿದವರು ವಿಷಯ ತಿಳಿದು ಬರೆದಿದ್ದಾರೆ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

ಬಾವಿನ ಕಾರಣಗಳು ಇದೇ ಸಮೀಕರಣದಿಂದ ಬರುತ್ತವೆ, ಆದ್ದರಿಂದ ಅವನ್ನು ಪಟ್ಟಿಯಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹೃದಯ ವೈಫಲ್ಯದಲ್ಲಿ ಅಥವಾ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ `Pc` ಏರುತ್ತದೆ. ಮೊದಲನೆಯದರಲ್ಲಿ ಎರಡೂ ಕಾಲು, ಎರಡನೆಯದರಲ್ಲಿ ಸಾಮಾನ್ಯವಾಗಿ ಒಂದೇ ಕಾಲು ಊದುತ್ತದೆ. ಬಿ.ಪಿ. ಹೆಚ್ಚಾದರೆ ಕಾಲು ಊದುತ್ತದೆ ಎಂದು ಬರೆಯುವುದು ಮಾತ್ರ ತಪ್ಪು. ಕಿರು ಅಪಧಮನಿಗಳು ಬಿಗಿಯಾಗಿ ಆ ಒತ್ತಡವನ್ನು ಲೋಮನಾಳಕ್ಕೆ ತಲುಪಗೊಡುವುದಿಲ್ಲ, ಅಭಿಧಮನಿಯ ಕಡೆ ಅಂಥ ಕಾವಲು ಇಲ್ಲ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರ ಪಾದ ಊದುವುದಕ್ಕೂ ಇದೇ ವಿವರಣೆ: ಅದು ಆ ಕಾವಲನ್ನು ಸಡಿಲಿಸುತ್ತದೆ. ಜೇನು ಕಚ್ಚಿದ ಜಾಗದಲ್ಲಿ `σ` ಇಳಿದು `Kf` ಏರುತ್ತದೆ, ಹೈಡೆನ್‌ಹೈನರ ಜಿಗಣೆಯ ಸತ್ವ ಮಾಡಿದ್ದು ಬಹುಶಃ ಇದನ್ನೇ. ಕಲಬುರಗಿ, ಬೀದರ್ ಕಡೆ ಕಾಣುವ ಆನೆಕಾಲು ರೋಗದಲ್ಲಿ ಸಮೀಕರಣದ ಯಾವ ಅಂಶವೂ ಮೊದಲಿಗೆ ಕೆಟ್ಟಿರುವುದಿಲ್ಲ. ಹುಳುಗಳಿಂದ ದುಗ್ಧನಾಳ ಹಾಳಾಗಿ, ಹೊರಬಿದ್ದ ದ್ರವ ಮತ್ತು ಪ್ರೋಟೀನು ಮರಳುವ ದಾರಿ ಮುಚ್ಚಿರುತ್ತದೆ. ಬೆರಳಿನಿಂದ ಒತ್ತಿದರೆ ಆರಂಭದಲ್ಲಿ ಗುಳಿ ಬೀಳುವ ಆ ಕಾಲು, ವರ್ಷಗಳು ಕಳೆದಂತೆ ನಾರುಗಟ್ಟಿ ಗುಳಿ ಬೀಳದಂತಾಗುತ್ತದೆ.

ಉಳಿದದ್ದು `πc` ಇಳಿಯುವುದು, ಮತ್ತು ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿಯೇ. ನೆಫ್ರಾಟಿಕ್ ಸಿಂಡ್ರೋಮ್ ಇರುವ ಆರು ವರ್ಷದ ಮಗುವೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತದೆ, ಸಂಜೆಯ ಹೊತ್ತಿಗೆ ಅದು ಇಳಿದು ಕಾಲ್ಚೀಲದ ಗುರುತು ಪಾದದ ಮೇಲೆ ಆಳವಾಗಿ ಮೂಡಿರುತ್ತದೆ. ಮೂತ್ರದಲ್ಲಿ ಪ್ರೋಟೀನು ಹೋಗಿ ಹೋಗಿ ರಕ್ತದ ಒಟ್ಟು ಪ್ರೋಟೀನು ಡೆಸಿಲೀಟರಿಗೆ 7.3 ಗ್ರಾಂ ಇರಬೇಕಾದದ್ದು 4ಕ್ಕೆ ಬಂದಿದೆ. ಪ್ರೋಟೀನಿನ ಸೆಳೆತ 28ರಿಂದ ಸುಮಾರು 12ಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ಹೊರಮುಖ ಒತ್ತಡ 0.3ರ ಬದಲು 16.3.

ಆದರೆ ಅಂಗಾಂಶ ಕೈಕಟ್ಟಿ ಕೂರುವುದಿಲ್ಲ. ಹೆಚ್ಚಿದ ಸೋಸುವಿಕೆ ಅಂಗಾಂಶದ ಪ್ರೋಟೀನನ್ನು ತೊಳೆದು 8ರಿಂದ 1ರ ಸಮೀಪಕ್ಕೆ ತರುತ್ತದೆ. ಅಲ್ಲಿಗೆ 7 ಉಳಿಯಿತು. ಅಂಗಾಂಶದ ಒತ್ತಡ ಮೈನಸ್ 3ರಿಂದ ಸೊನ್ನೆಗೆ ಏರುವವರೆಗೆ ಬಾವು ಕಣ್ಣಿಗೆ ಬೀಳುವುದಿಲ್ಲ. ಅದು ಇನ್ನೊಂದು 3. ದುಗ್ಧರಸದ ಹರಿವು ಹಲವು ಪಟ್ಟು ಹೆಚ್ಚಿ ಸುಮಾರು 7ರಷ್ಟು ಹೊರೆ ಹೊರುತ್ತದೆ. ಮೂರೂ ಸೇರಿ 17, ಇದನ್ನು ಬಾವಿನ ಎದುರು ದೇಹಕ್ಕಿರುವ ಸುರಕ್ಷಾ ಅಂತರ ಎನ್ನುತ್ತಾರೆ. ಇದು ಸ್ಥೂಲ ಲೆಕ್ಕವೇ ಸರಿ. ಆದರೂ 16.3ರ ಎದುರು 17 ಇದೆಯೆಂದರೆ, ಪ್ರೋಟೀನಿನ ಕೊರತೆಯೊಂದೇ ಇಷ್ಟು ಬಾವು ತರಬೇಕಾಗಿಲ್ಲ. ಹುಟ್ಟಿನಿಂದಲೇ ರಕ್ತದಲ್ಲಿ ಆಲ್ಬುಮಿನ್ ಬಹುತೇಕ ಇಲ್ಲದ ಅಪರೂಪದ ಜನರಿದ್ದಾರೆ, ಅವರಲ್ಲಿ ಸಾಮಾನ್ಯವಾಗಿ ಕಾಣುವುದು ಅಲ್ಪಸ್ವಲ್ಪ ಬಾವು ಮಾತ್ರ.

ಹಾಗಾದರೆ ನಮ್ಮ ಮಗುವಿನ ಮುಖ ಊದುವುದೇಕೆ? ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತಿದೆ. ಪ್ಲಾಸ್ಮಾದ ನೀರು ಅಂಗಾಂಶಕ್ಕೆ ಸೋರಿ ರಕ್ತದ ಗಾತ್ರ ಕುಗ್ಗುವುದರಿಂದ ಮೂತ್ರಪಿಂಡ ಉಪ್ಪು ಉಳಿಸುತ್ತದೆ ಎಂಬುದು ಹಳೆಯ ವಿವರಣೆ. ರೋಗಪೀಡಿತ ಮೂತ್ರಪಿಂಡವೇ ತಾನಾಗಿ ಉಪ್ಪು ಹಿಡಿಯುತ್ತದೆ ಎಂಬುದು ನಂತರದ್ದು. ಎರಡೂ ಬಗೆಯ ರೋಗಿಗಳು ಸಿಗುತ್ತಾರೆ, ಉತ್ತರದಲ್ಲಿ ಎರಡನ್ನೂ ಹೇಳುವುದು ಸರಿ. ಉಪ್ಪಿನ ಜೊತೆ ನೀರು ಉಳಿದು `Pc` 17.3ರಿಂದ 20ಕ್ಕೆ ಏರಿದರೂ ಸಾಕು, ಹೊರಮುಖ ಒತ್ತಡ 19 ಆಗಿ ಸುರಕ್ಷಾ ಅಂತರವನ್ನು ಮೀರುತ್ತದೆ. ಉಪ್ಪು ಕಡಿಮೆ ಮಾಡುವ ಪಥ್ಯಕ್ಕೂ, ಮೂತ್ರ ಹೆಚ್ಚಿಸುವ ಔಷಧಕ್ಕೂ ಇಲ್ಲಿ ಜಾಗ ಸಿಗುವುದು ಆ ಕಾರಣದಿಂದ. ಸ್ಟಿರಾಯ್ಡ್‌ಗೆ ಸ್ಪಂದಿಸುವ ಮಕ್ಕಳಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ: ಮೂತ್ರದಲ್ಲಿ ಪ್ರೋಟೀನು ಹೋಗುವುದು ಕಡಿಮೆಯಾಗುತ್ತಲೇ ಮಗು ಧಾರಾಳವಾಗಿ ಮೂತ್ರ ಮಾಡತೊಡಗಿ, ರಕ್ತದ ಆಲ್ಬುಮಿನ್ ಇನ್ನೂ ಮೊದಲಿನ ಮಟ್ಟಕ್ಕೆ ಬಾರದಿರುವಾಗಲೇ ತೂಕ ಇಳಿಯುತ್ತದೆ, ರೆಪ್ಪೆಯ ಬಾವು ಹೋಗುತ್ತದೆ.