‘ಜಲಾಶಯ’ದೊಳಗೆ ಸೇರಿಕೊಂಡ ತೆಲುಗು ‘ಜ’

ಕೊಪ್ಪಳದ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಸ್ನೇಹಿತರೊಬ್ಬರು ಒಂದು ಸ್ನಾತಕೋತ್ತರ ಪ್ರಬಂಧದ ಕಡತವನ್ನು ನನಗೆ ಕಳುಹಿಸಿ, "ಇದರ ಸಾಮ್ಯತೆ ಬರೇ ಶೇಕಡಾ 2 ಬಂದೈತಿ, ಅದಕ್ಕ ನನಗ ಅನುಮಾನ" ಎಂದರು. ಸಾಮ್ಯತೆ ಎಂದರೆ ಒಂದು ಬರಹ ಬೇರೆಯವರ ಬರಹಗಳಿಗೆ ಎಷ್ಟು ಹೊಂದುತ್ತದೆಂದು ನಕಲು ತಪಾಸಣೆಯ ತಂತ್ರಾಂಶ ಕೊಡುವ ಲೆಕ್ಕ. ಅದು ಹೆಚ್ಚಾದರೆ ಅನುಮಾನ ಪಡುವುದು ವಾಡಿಕೆ, ಆದರೆ ಅವರ ಮಾತು ಸರಿಯಾಗಿತ್ತು. ಪ್ರಬಂಧದ ವಿಷಯ ತುಂಗಭದ್ರಾ ಜಲಾಶಯದಲ್ಲಿ ತುಂಬುತ್ತಿರುವ ಹೂಳು. ಅಣೆಕಟ್ಟಿನ ಇತಿಹಾಸ, ಕಾಲುವೆಗಳ ವಿವರ, ಸರ್ಕಾರಿ ವರದಿಗಳ ಹೆಸರು ಇವೆಲ್ಲ ಬರುವ ಬರಹದಲ್ಲಿ, ಎಷ್ಟೇ ಪ್ರಾಮಾಣಿಕವಾಗಿ ಬರೆದರೂ, ಬೇರೆಯವರ ವಾಕ್ಯಗಳಿಗೆ ಹೊಂದುವ ತುಣುಕುಗಳು ಒಂದಷ್ಟು ಇದ್ದೇ ಇರುತ್ತವೆ. ಇಲ್ಲಿ ಅವೂ ಇರಲಿಲ್ಲ.

ಕಡತವನ್ನು ತೆರೆದು ನಾನು ಮೊದಲು ಮಾಡಿದ್ದು Ctrl+F ಒತ್ತಿ ‘ಜಲಾಶಯ’ ಎಂದು ಹುಡುಕಿದ್ದು. ಎರಡನೆಯ ಅಧ್ಯಾಯದ ಮೊದಲ ಪುಟದಲ್ಲೇ ಆ ಪದ ಕಣ್ಣಿಗೆ ಒಂಬತ್ತು ಸಲ ಕಾಣುತ್ತಿತ್ತು, ಹುಡುಕಾಟಕ್ಕೆ ಸಿಕ್ಕಿದ್ದು ಎರಡು ಸಲ ಮಾತ್ರ. ಉಳಿದ ಏಳು ಕಡೆ ಕಾಣುತ್ತಿದ್ದುದು ‘ಜಲಾಶಯ’ವೇ ಆದರೂ ಕಡತದೊಳಗೆ ಇದ್ದದ್ದು ಬೇರೆ ಏನೋ.

ಕಂಪ್ಯೂಟರಿಗೆ ಅಕ್ಷರದ ಆಕಾರ ತಿಳಿಯದು, ಅದಕ್ಕೆ ತಿಳಿದಿರುವುದು ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆ ಮಾತ್ರ. ‘ಜಲಾಶಯ’ ಎಂಬುದು ಅದರ ಪಾಲಿಗೆ ಐದು ಸಂಖ್ಯೆಗಳ ಸಾಲು: ಜ, ಲ, ದೀರ್ಘದ ಚಿಹ್ನೆ, ಶ, ಯ. ಈ ಸಾಲಿನಲ್ಲಿ ಜ ಮತ್ತು ಲ ನಡುವೆ U+200B ಎಂಬ ಸಂಖ್ಯೆಯನ್ನು ತೂರಿಸಿದರೆ ಆರು ಸಂಖ್ಯೆಗಳಾಗುತ್ತವೆ, ಪರದೆಯ ಮೇಲೆ ಮಾತ್ರ ಏನೂ ಬದಲಾಗುವುದಿಲ್ಲ. ಏಕೆಂದರೆ ಆ ಸಂಖ್ಯೆಯ ಹೆಸರೇ ‘ಜೀರೋ ವಿಡ್ತ್ ಸ್ಪೇಸ್’, ಅಂದರೆ ಅಗಲವೇ ಇಲ್ಲದ ಖಾಲಿ ಜಾಗ. ಪದಗಳ ನಡುವೆ ಜಾಗ ಬಿಡದೆ ಬರೆಯುವ ಥಾಯ್, ಖ್ಮೇರ್‌ನಂಥ ಭಾಷೆಗಳಲ್ಲಿ ಸಾಲನ್ನು ಎಲ್ಲಿ ಮುರಿಯಬಹುದೆಂದು ತಿಳಿಸಲು ಅದು ಉಪಯೋಗಕ್ಕೆ ಬರುತ್ತದೆ. ಕನ್ನಡ ಪದದೊಳಗೆ ಅದಕ್ಕೆ ಯಾವ ಕೆಲಸವೂ ಇಲ್ಲ.

ಎರಡನೆಯ ಉಪಾಯ ನಮ್ಮ ಸೀಮೆಗೆ ತೀರಾ ಹತ್ತಿರದ್ದು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವುಗಳಾದ್ದರಿಂದ ಜ, ಲ, ಣ, ಒ ಮುಂತಾದ ಅಕ್ಷರಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿವೆ. ಯೂನಿಕೋಡ್‌ನಲ್ಲಿ ಮಾತ್ರ ಅವುಗಳ ಮನೆ ಬೇರೆ ಬೇರೆ. ಕನ್ನಡದ ಜ U+0C9C, ತೆಲುಗಿನ ಜ U+0C1C. ಎರಡಕ್ಕೂ ಇರುವ ಅಂತರ ಸರಿಯಾಗಿ 128, ಏಕೆಂದರೆ ಭಾರತೀಯ ಲಿಪಿಗಳಿಗಾಗಿ ಮೊದಲೇ ರೂಪಿಸಿದ್ದ ಇಸ್ಕಿ ಎಂಬ ಮಾನಕದ ಕ್ರಮವನ್ನೇ ಅನುಸರಿಸಿ, ತೆಲುಗಿನ 128 ಮನೆಗಳ ಓಣಿ ಮುಗಿದ ಕೂಡಲೇ ಕನ್ನಡದ ಓಣಿಯನ್ನು ಅದೇ ಸಾಲಿನಲ್ಲಿ ಕಟ್ಟಲಾಗಿದೆ. ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಜನರ ಮೊಬೈಲಿನಲ್ಲಿ ಎರಡೂ ಭಾಷೆಗಳ ಕೀಬೋರ್ಡ್ ಇರುತ್ತದೆ. ‘ಜಲಾಶಯ’ದ ಮೊದಲ ಅಕ್ಷರವನ್ನು ಪಕ್ಕದ ಓಣಿಯಿಂದ ತಂದು ಕೂರಿಸುವುದು ಕ್ಷಣದ ಕೆಲಸ.

ಇದರಿಂದ ತಪಾಸಣೆಯ ತಂತ್ರಾಂಶ ಮೋಸಹೋಗುವುದುಂಟೇ ಎಂದರೆ, ಕಚ್ಚಾ ತಂತ್ರಾಂಶ ಮೋಸಹೋಗುತ್ತದೆ ಎಂದೇ ಹೇಳಬೇಕು. ಸಾಮ್ಯತೆ ನೋಡುವ ಒಂದು ಸಾಮಾನ್ಯ ವಿಧಾನದಲ್ಲಿ ಬರಹವನ್ನು ಉದಾಹರಣೆಗೆ ಐದೈದು ಪದಗಳ ತುಣುಕುಗಳನ್ನಾಗಿ, ಒಂದೊಂದೇ ಪದ ಮುಂದೆ ಸರಿಯುತ್ತಾ ಕತ್ತರಿಸಿ, ಅವನ್ನು ಸಂಗ್ರಹದಲ್ಲಿರುವ ತುಣುಕುಗಳೊಂದಿಗೆ ಹೋಲಿಸುತ್ತಾರೆ. ಒಂದು ಪದದ ಒಂದು ಸಂಖ್ಯೆ ಬದಲಾದರೂ ಆ ಪದವಿರುವ ಐದೂ ತುಣುಕುಗಳು ಹೊಂದಿಕೆಯಾಗುವುದಿಲ್ಲ. ಹಾಗಾಗಿ ಐದು ಪದಗಳಿಗೊಂದರಂತೆ ಕೆಡಿಸುತ್ತಾ ಹೋದರೆ ಇಡೀ ಅಧ್ಯಾಯ ಹೊಚ್ಚಹೊಸದೆಂದು ತೋರುತ್ತದೆ. ಯಂತ್ರ ಬರೆದ ಬರಹವೇ ಎಂದು ಊಹಿಸುವ ತಂತ್ರಾಂಶಗಳೂ ಹೀಗೆಯೇ ದಾರಿ ತಪ್ಪುತ್ತವೆ. ಒಂದರ ನಂತರ ಯಾವ ಪದ ಬರುವುದು ಸಹಜ ಎಂಬ ಲೆಕ್ಕದ ಮೇಲೆ ಅವು ನಿಂತಿರುವುದರಿಂದ, ಪದಗಳೇ ಒಡೆದು ಚೂರಾದಾಗ ಲೆಕ್ಕ ತಪ್ಪುತ್ತದೆ.

ಆದರೆ ಹೋಲಿಸುವ ಮೊದಲು ಬರಹವನ್ನು ಒಮ್ಮೆ ಜಾಡಿಸಿಕೊಂಡರೆ ಈ ಉಪಾಯ ಅಲ್ಲಿಗೇ ಮುಗಿಯುತ್ತದೆ. ಕಾಣದ ಸಂಖ್ಯೆಗಳನ್ನು ಕಿತ್ತುಹಾಕುವುದು, ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರಗಳನ್ನು ಒಂದೇ ಸಂಖ್ಯೆಗೆ ತರುವುದು, ಇಷ್ಟೇ ಕೆಲಸ. ಇಂಥ ಜೋಡಿಗಳ ಪಟ್ಟಿಯನ್ನು ಯೂನಿಕೋಡ್ ಸಂಸ್ಥೆಯೇ confusables.txt ಎಂಬ ಕಡತದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದೆ, ಅದರಲ್ಲಿ ಕನ್ನಡ-ತೆಲುಗು ಜೋಡಿಗಳೂ ಇವೆ. ಅಷ್ಟೂ ಬೇಡವೆಂದರೆ ಪುಟವನ್ನು ಮುದ್ರಿಸಿ, ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರಗಳನ್ನು ಮರಳಿ ಓದಿಸಿದರೂ ಸಾಕು, ಶಾಯಿ ಇಲ್ಲದ ಅಕ್ಷರ ಕಾಗದಕ್ಕೆ ಇಳಿಯುವುದೇ ಇಲ್ಲ.

ಕನ್ನಡದಲ್ಲಿ ಮಾತ್ರ ಜಾಡಿಸುವಾಗ ಒಂದು ಎಚ್ಚರ ಬೇಕು, ಅದನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ. ಕಾಣದ ಸಂಖ್ಯೆಗಳಲ್ಲಿ ಎರಡು ನಮಗೆ ನಿಜಕ್ಕೂ ಬೇಕಾದವು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರವು ಟಕಾರಕ್ಕೆ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ U+200C ಇರುತ್ತದೆ. ‘ರ‍್ಯಾಲಿ’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗದೆ ಎದುರಿಗೇ ನಿಲ್ಲುವಂತೆ U+200D ಇರುತ್ತದೆ. ಕಾಣದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿದಾಗ ‘ರ‍್ಯಾಲಿ’ಯು ‘ರ್ಯಾಲಿ’ ಆಗಿ, ಸರಿಯಾಗಿದ್ದ ಪದಗಳೇ ಕೆಟ್ಟವು. ಆದರೆ ಇವೆರಡಕ್ಕೂ ಗೊತ್ತಾದ ಜಾಗವಿದೆ. ಕನ್ನಡದಲ್ಲಿ ಮೊದಲನೆಯದು ಹಲಂತದ ಚಿಹ್ನೆಯ ಬೆನ್ನಿಗೆ ಬರುತ್ತದೆ, ಎರಡನೆಯದು ಹಲಂತದ ಮಗ್ಗುಲಲ್ಲಿ ಇರುತ್ತದೆ. ಹಲಂತದ ಸಂಗ ಬಿಟ್ಟು ಬೇರೆಲ್ಲಿ ಕಂಡರೂ ಅದು ಯಾಕೆ ಅಲ್ಲಿದೆ ಎಂದು ಕೇಳಬೇಕು.

ಸ್ನೇಹಿತರ ಕಡತವನ್ನು ಬರಿಯ ಪಠ್ಯವಾಗಿ ಉಳಿಸಿಕೊಂಡು ನಾನು ಓಡಿಸಿದ ಪೈಥಾನ್ ಸಾಲುಗಳು ಇಷ್ಟೇ:

```python
import re
t = open("report.txt", encoding="utf-8-sig").read()
print(len(re.findall("\u200b", t)))
print(len(re.findall("(?<!\u0ccd)\u200c", t)))
print(len(re.findall("[\u0c00-\u0c7f]", t)))
```

ಮೊದಲ ಎಣಿಕೆ ಅಗಲವಿಲ್ಲದ ಖಾಲಿ ಜಾಗಗಳದ್ದು, ಎರಡನೆಯದು ಹಲಂತದ ಬೆನ್ನಿಗಿಲ್ಲದ U+200C ಗಳದ್ದು, ಮೂರನೆಯದು ತೆಲುಗು ಓಣಿಯ ಅಕ್ಷರಗಳದ್ದು. ಉತ್ತರ ಬಂದದ್ದು 1,312, ಸೊನ್ನೆ ಮತ್ತು 207.

ಈ ಸಂಖ್ಯೆಗಳಷ್ಟರಿಂದಲೇ ತೀರ್ಮಾನಕ್ಕೆ ಬರುವುದು ಅನ್ಯಾಯವಾಗುತ್ತಿತ್ತು. ವಿದ್ಯಾರ್ಥಿಯನ್ನು ಕೇಳಿದಾಗ ಅವನು ಕೊಟ್ಟ ಉತ್ತರ, "ಸರ, ನೆಟ್‌ನ್ಯಾಗಿಂದ ಕಾಪಿ ಮಾಡಿದ್ರ ಹಂಗ ಬರತಾವ್ರಿ." ಇದು ಪೂರಾ ಸುಳ್ಳಲ್ಲ. ವೆಬ್ ಪುಟಗಳಿಂದ, ಪಿಡಿಎಫ್‌ಗಳಿಂದ ನಕಲಿಸಿದಾಗ ಕಾಣದ ಸಂಖ್ಯೆಗಳು ಜೊತೆಗೆ ಬರುವುದುಂಟು. ಆದರೆ ಹಾಗೆ ಬಂದವು ಬೇಕಾಬಿಟ್ಟಿಯಾಗಿರುತ್ತವೆ: ಒಂದು ಪ್ಯಾರಾದ ಆರಂಭದಲ್ಲಿ, ಉದ್ದನೆಯ ವೆಬ್ ವಿಳಾಸದ ನಡುವೆ, ಹಳೆಯ ಪುಟದಲ್ಲಿ ಸಾಲು ಮುರಿದಿದ್ದ ಜಾಗದಲ್ಲಿ, ಎಲ್ಲೋ ಒಂದೆರಡು. ಇಲ್ಲಿ ಎರಡನೆಯ ಮತ್ತು ಮೂರನೆಯ ಅಧ್ಯಾಯಗಳಲ್ಲಿ ನಾಲ್ಕೈದು ಪದಗಳಿಗೊಂದರಂತೆ ಹೊಲದ ಸಾಲಿನ ಹಾಗೆ ಬಿತ್ತನೆಯಾಗಿತ್ತು, ತಂದೆ-ತಾಯಿಯನ್ನು ನೆನೆದ ಕೃತಜ್ಞತೆಯ ಪುಟದಲ್ಲಿಯೂ ಕೊನೆಯ ಅಧ್ಯಾಯದಲ್ಲಿಯೂ ಒಂದೂ ಇರಲಿಲ್ಲ. ಅಂದರೆ ತಾನೇ ಬರೆದದ್ದು ಯಾವುದು, ಬೇರೆಯವರದ್ದು ಯಾವುದು ಎಂಬ ಗಡಿಯನ್ನು ಅವನೇ ಗೆರೆ ಎಳೆದು ತೋರಿಸಿದಂತಾಗಿತ್ತು. ಆ ಎರಡು ಅಧ್ಯಾಯಗಳಲ್ಲಿ ನಕಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹುಡುಕುವ ಶ್ರಮವೂ ನಮಗೆ ಉಳಿಯಿತು.

ತೆಲುಗು ಅಕ್ಷರಗಳ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದದ್ದು. ಕೀಬೋರ್ಡ್ ಬದಲಿಸಲು ಮರೆತವನು ಇಡೀ ಪದವನ್ನೇ ತೆಲುಗಿನಲ್ಲಿ ಒತ್ತುತ್ತಾನೆಯೇ ಹೊರತು ಕನ್ನಡ ಪದದ ನಡುವೆ ಒಂಟಿ ಜಕಾರವನ್ನಲ್ಲ. 207 ಅಕ್ಷರಗಳೂ ಜ, ಣ, ಲ ಮಾತ್ರವಾಗಿದ್ದು, ಒಂದಕ್ಕೂ ಕೊಂಬು, ಗುಡಿಸು, ಒತ್ತು ಇರಲಿಲ್ಲ. ಇದಕ್ಕೆ ಕಾರಣ ಲಿಪಿಯಲ್ಲೇ ಇದೆ. ‘ಜಲಾಶಯ’ದ ಜಕಾರವನ್ನು ಬದಲಿಸಿದರೆ ಕಾಣುವುದಿಲ್ಲ, ಆದರೆ ‘ಲಾ’ದ ಲಕಾರವನ್ನು ತೆಲುಗಿನದಾಗಿಸಿದರೆ ಅದರ ಮುಂದಿನ ಕನ್ನಡ ದೀರ್ಘಕ್ಕೆ ಕೂರಲು ಆಸರೆ ಸಿಗುವುದಿಲ್ಲ. ಬೇರೆ ಲಿಪಿಯ ಅಕ್ಷರದ ಮೇಲೆ ಚಿಹ್ನೆಯನ್ನು ಕೂರಿಸಲು ತಂತ್ರಾಂಶ ಒಪ್ಪದೆ, ಸಾಮಾನ್ಯವಾಗಿ ಚುಕ್ಕಿಗಳ ಒಂದು ವೃತ್ತವನ್ನು ಬರೆದು ಅದರ ಪಕ್ಕಕ್ಕೆ ಚಿಹ್ನೆಯನ್ನು ತಗುಲಿಸುತ್ತದೆ. ಅಕ್ಷರ ಮತ್ತು ಸ್ವರಚಿಹ್ನೆಯ ನಡುವೆ ಖಾಲಿ ಜಾಗ ತೂರಿಸಿದರೂ ಇದೇ ಗತಿ. ಆದ್ದರಿಂದ ಬರಿಯ ಅಕ್ಷರಗಳನ್ನೇ ಆರಿಸಿ ಬದಲಿಸಿದವನಿಗೆ ತಾನು ಮಾಡುತ್ತಿರುವುದೇನೆಂದು ಚೆನ್ನಾಗಿ ತಿಳಿದಿತ್ತು. ಇನ್ನು ನಕಲಿಸಿದ್ದೆಂದು ಅವನೇ ಹೇಳಿದ ವೆಬ್ ಪುಟವನ್ನು ತೆರೆದು ನೋಡಿದರೆ, ಅಲ್ಲಿನ ಜಕಾರಗಳೆಲ್ಲ ಅಪ್ಪಟ U+0C9C.

ಕಡತವನ್ನು ಹಲಂತದ ಎಚ್ಚರದೊಂದಿಗೆ ಜಾಡಿಸಿ ಮತ್ತೆ ತಪಾಸಣೆಗೆ ಕೊಟ್ಟಾಗ ಸಾಮ್ಯತೆ ಶೇಕಡಾ 34 ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಶೇಕಡಾ 10ರವರೆಗಿನ ಸಾಮ್ಯತೆಗೆ ದಂಡವಿಲ್ಲ, 10ರಿಂದ 40ರ ನಡುವೆ ಇದ್ದರೆ ಆರು ತಿಂಗಳನ್ನು ಮೀರದ ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಆಧಾರ ಸೂಚಿಸಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಏನನ್ನೂ ಬಚ್ಚಿಡದೆ ಕೊಟ್ಟಿದ್ದರೆ ಅವನಿಗೆ ಬರುತ್ತಿದ್ದದ್ದು "ತಿದ್ದಿಕೊಂಡು ಬಾ" ಎಂಬ ಮಾತು ಮಾತ್ರ. ಶೇಕಡಾ 34 ಎಂಬುದು ಒಂದು ಎಣಿಕೆ, ಅದು ಅಜಾಗರೂಕತೆಯಿಂದಲೂ ಬರಬಹುದು, ಉದ್ಧರಣ ಚಿಹ್ನೆ ಹಾಕುವುದು ಗೊತ್ತಿಲ್ಲದೆಯೂ ಬರಬಹುದು. ಎಣಿಕೆಯಿಂದ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯುವುದಿಲ್ಲ. 207 ತೆಲುಗು ಅಕ್ಷರಗಳಿಂದ ತಿಳಿಯುತ್ತದೆ. ಯಂತ್ರದ ಬರಹವೆಂಬ ಅನುಮಾನ ಬಂದ ಕಡೆಯಲ್ಲೂ ಹೀಗೆಯೇ: ಅಂಥ ತಂತ್ರಾಂಶಗಳ ಊಹೆ ಎಷ್ಟೋ ಸಲ ತಪ್ಪುವುದರಿಂದ ವಾದಕ್ಕೆ ಅವಕಾಶವಿರುತ್ತದೆ, ಆದರೆ ಬರಹದಲ್ಲಿ ಬಚ್ಚಿಟ್ಟ ಸಂಖ್ಯೆಗಳು ಸಿಕ್ಕ ಮೇಲೆ ಆ ಅವಕಾಶವನ್ನು ಬರೆದವನೇ ಕಳೆದುಕೊಂಡಿರುತ್ತಾನೆ.

ಸಿಕ್ಕಿಬೀಳದೆ ಹೋದರೂ ಬರಹ ಮಾತ್ರ ಕೆಟ್ಟೇ ಇರುತ್ತದೆ. ಪದದ ನಡುವೆ ಸಾಲು ಮುರಿಯುತ್ತದೆ, ಬಾಣದ ಕೀಲಿಯನ್ನು ಒಂದು ಸಲ ಒತ್ತಿದರೆ ಕರ್ಸರ್ ನಿಂತಲ್ಲೇ ನಿಂತಂತೆ ಕಾಣುತ್ತದೆ, ಗ್ರಂಥಾಲಯದ ಸಂಗ್ರಹದಲ್ಲಿ ‘ಜಲಾಶಯ’ ಎಂದು ಹುಡುಕುವವರಿಗೆ ಆ ಪ್ರಬಂಧ ಸಿಗುವುದಿಲ್ಲ, ಕಣ್ಣು ಕಾಣದವರಿಗಾಗಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಅರ್ಧದಲ್ಲಿ ತಡವರಿಸುತ್ತದೆ. ಮುದ್ರಿತ ಪ್ರತಿಯಲ್ಲಿಯೂ ತೆಲುಗು ಅಕ್ಷರ ಬೇರೆ ಫಾಂಟ್‌ನಿಂದ ಬಂದಿದ್ದರೆ ತುಸು ತೆಳ್ಳಗೆ ಕಾಣುತ್ತದೆ, ಎರಡೂ ಲಿಪಿ ಓದುವ ರಾಯಚೂರಿನವರಿಗೆ ಅದು ತಕ್ಷಣ ತಿಳಿಯುತ್ತದೆ.

ಸಮಿತಿಯ ಮುಂದೆ ವಿಚಾರಣೆ ನಡೆದು, ಆ ಸೆಮಿಸ್ಟರ್ ಕಳೆದುಕೊಂಡ ಮೇಲೆ ಅವನು ತಂದ ಹೊಸ ಕಡತವನ್ನೂ ಸ್ನೇಹಿತರು ನನಗೆ ಕಳುಹಿಸಿದ್ದರು. ಅದೇ ಐದು ಸಾಲುಗಳನ್ನು ಓಡಿಸಿದೆ. ಮೂರು ಸೊನ್ನೆಗಳು ಬಂದವು. ಹಲಂತದ ಬೆನ್ನಿಗೆ ಸರಿಯಾಗಿ ನಿಂತಿದ್ದ U+200C ಗಳು 64 ಇದ್ದವು, ಉದ್ಧರಣೆಗಳನ್ನು ಬಿಟ್ಟು ಸಾಮ್ಯತೆ ಶೇಕಡಾ 8 ಇತ್ತು.