ಈಥರ್ ಬೆಲೆ ವಾಪಸ್ ಏರಿತಲ್ಲ, ನನ್ನ ಅಡ ಯಾಕೆ ಮಾರಿಬಿಟ್ರು?

ವಾರಕ್ಕೆ ಎರಡು ಸಲನಾದ್ರೂ ಇದೇ ಪ್ರಶ್ನೆ ಬರುತ್ತೆ. "ಆವೆ ಅನ್ನೋ ಕ್ರಿಪ್ಟೊ ಸಾಲದ ವ್ಯವಸ್ಥೆಯಲ್ಲಿ ಈಥರ್ ಅಡ ಇಟ್ಟು ಸಾಲ ತಗೊಂಡಿದ್ದೆ, ರಾತ್ರಿ ಬೆಲೆ ಬಿತ್ತು, ಬೆಳಗ್ಗೆ ಮತ್ತೆ ಮೊದಲಿನಷ್ಟೇ ಆಗಿತ್ತು, ಆದ್ರೆ ನನ್ನ ಈಥರ್ ಅರ್ಧ ಇಲ್ಲ. ಒಂದು ನೋಟಿಸೂ ಕೊಡದೆ ಹೇಗೆ ಮಾರ್ತಾರೆ?"

ಚಿನ್ನದ ಸಾಲದ ಲೆಕ್ಕ ತಲೆಯಿಂದ ತೆಗೀರಿ ಮೊದ್ಲು. ಅಲ್ಲಿ ಹರಾಜಿಗೆ ಮುಂಚೆ ನೋಟಿಸ್ ಬರುತ್ತೆ, ಬ್ರಾಂಚಿಗೆ ಹೋಗಿ ಮ್ಯಾನೇಜರ್ ಹತ್ರ "ಸಾರ್ ಒಂದು ವಾರ ಟೈಮ್ ಕೊಡಿ" ಅನ್ನಬಹುದು. ಇಲ್ಲಿ ಮ್ಯಾನೇಜರೇ ಇಲ್ಲ. ಸಾಲ ಕೊಟ್ಟಿರೋದು ಒಂದು ಪ್ರೋಗ್ರಾಮ್, ಅದಕ್ಕೆ ನಿಮ್ಮ ಫೋನ್ ನಂಬರ್ ಇರಲಿ, ಹೆಸರೂ ಗೊತ್ತಿಲ್ಲ. ಮಾರೋದು ಕೂಡ ಆವೆ ಅಲ್ಲ, ಯಾರೋ ಹೊರಗಿನವರ ಬಾಟ್. ಅದು ನಿಮ್ಮ ಸಾಲ ತೀರಿಸಿ, ಅಷ್ಟು ಬೆಲೆಯ ಈಥರ್ ಜೊತೆಗೆ ಒಂದಿಷ್ಟು ಬೋನಸ್ ಎತ್ಕೊಂಡು ಹೋಗುತ್ತೆ. ಆ ಬೋನಸ್‌ಗೋಸ್ಕರನೇ ಹಗಲೂ ರಾತ್ರಿ ಕಾಯ್ತಿರುತ್ತೆ.

ಲೆಕ್ಕ ಮಾಡೋಣ. 10 ಈಥರ್, ತಲಾ 2000 ಡಾಲರ್, ಸಾಲ 13,000. ಲಿಕ್ವಿಡೇಶನ್ ಮಿತಿ, ಅಂದ್ರೆ ಸಾಲ ಅಡದ ಬೆಲೆಯ ಎಷ್ಟು ಪಾಲು ದಾಟಿದ್ರೆ ಅಡ ಮಾರಬಹುದು ಅನ್ನೋ ಗಡಿ, 80% ಅಂತ ಇಟ್ಕೊಳ್ಳಿ. ಅಡದ ಬೆಲೆಯ 80% ಅನ್ನ ಸಾಲದಿಂದ ಭಾಗಿಸಿದ್ರೆ ಬರೋದೇ ಹೆಲ್ತ್ ಫ್ಯಾಕ್ಟರ್, ಅಂದ್ರೆ 16,000 ಭಾಗ 13,000, ಸುಮಾರು 1.23. ಇದು 1ಕ್ಕಿಂತ ಕೆಳಗೆ ಹೋದ್ರೆ ಮುಗೀತು, ಇಲ್ಲಿ ಅದು ಈಥರ್ 1625ರ ಕೆಳಗೆ ಇಳಿದಾಗ. ಬೆಲೆ 1600 ಆಯ್ತು ಅನ್ನಿ. ಬಾಟ್ ಅರ್ಧ ಸಾಲ, 6500, ಕಟ್ಟಿ, 5% ಬೋನಸ್ ಸೇರಿಸಿ 6825 ಡಾಲರಿನ ಈಥರ್, ಅಂದ್ರೆ ಸುಮಾರು 4.27, ತಗೊಳ್ಳುತ್ತೆ. ಬೆಳಗ್ಗೆ ಬೆಲೆ ಮತ್ತೆ 2000. ಸಾಲ ಕಳೆದು ನಿಮ್ದು 7000 ಇರಬೇಕಿತ್ತು, ಈಗ 4970ರ ಆಸುಪಾಸು. ಗಮನಿಸಿ, ಬೋನಸ್‌ನಿಂದ ಹೋಗಿದ್ದು ಬರೀ 325 ಡಾಲರ್, ಮಿಕ್ಕಿದ್ದೆಲ್ಲ ಕಮ್ಮಿ ಬೆಲೆಗೆ ಮಾರಾಟವಾಗಿದ್ದಕ್ಕೆ. ಬೆಲೆ ಏರಿದ್ರೆ ಸರಿಹೋಗುತ್ತೆ ಅನ್ನೋರು ಈ ವಾಕ್ಯನ ಇನ್ನೊಂದ್ಸಲ ಓದಿ, ನಾನು ಮತ್ತೆ ಬರೆಯಲ್ಲ.

ಬಾಟ್ ಆ ಈಥರ್ ಇಟ್ಕೊಳ್ಳಲ್ಲ, ಸಾಮಾನ್ಯವಾಗಿ ತಕ್ಷಣ ಮಾರುತ್ತೆ, ಅದರಿಂದ ಬೆಲೆ ಇನ್ನಷ್ಟು ಇಳಿದು 1580ಕ್ಕೆ ಮಿತಿ ಇದ್ದ ಪಕ್ಕದವರದ್ದೂ ಹೋಗುತ್ತೆ.

ಯಾರೂ ಕೇಳದ ಪ್ರಶ್ನೆ ಒಂದಿದೆ, ಕೊಳ್ಳೋ ಬಾಟ್‌ಗಳೇ ಬರದಿದ್ರೆ? 2020ರ ಮಾರ್ಚ್ 12ರಂದು ಮೇಕರ್‌ನಲ್ಲಿ ಆಗಿದ್ದು ಅದೇ. ಅದೂ ಆವೆ ತರದ್ದೇ ಸಾಲದ ವ್ಯವಸ್ಥೆ, ಆದ್ರೆ ಅಲ್ಲಿ ಅಡನ ಹರಾಜಿನಲ್ಲಿ ಮಾರ್ತಿದ್ರು. ಈಥರ್ ಒಂದೇ ದಿನದಲ್ಲಿ ಅರ್ಧಕ್ಕರ್ಧದ ಹತ್ರ ಕುಸಿಯಿತು, ನೆಟ್‌ವರ್ಕ್ ಜಾಮ್ ಆಗಿ ಗ್ಯಾಸ್ ಫೀಸ್, ಅಂದ್ರೆ ಪ್ರತಿ ವಹಿವಾಟಿಗೂ ನೆಟ್‌ವರ್ಕ್‌ಗೆ ಕಟ್ಟೋ ಶುಲ್ಕ, ಮೇಲಕ್ಕೆ ಹೋಯ್ತು, ಹೆಚ್ಚಿನ ಬಾಟ್‌ಗಳಿಗೆ ಹರಾಜಿನಲ್ಲಿ ಬಿಡ್ ಹಾಕೋಕೇ ಆಗ್ಲಿಲ್ಲ, ಆಗ ಕೆಲವರು ಸೊನ್ನೆ ಬೆಲೆ ಕೂಗಿ ಗೆದ್ರು. ಸುಮಾರು 80 ಲಕ್ಷ ಡಾಲರಿನ ಈಥರ್ ಹಾಗೆ ಪುಕ್ಕಟೆ ಹೋಯ್ತು, ಮೇಕರ್‌ಗೇ ಹಣ ಕಮ್ಮಿ ಬಿತ್ತು, ಅದನ್ನ ತುಂಬೋಕೆ ಹೊಸದಾಗಿ ತನ್ನದೇ ಎಂಕೆಆರ್ ಟೋಕನ್ ಮುದ್ರಿಸಿ ಹರಾಜು ಹಾಕಬೇಕಾಯ್ತು.