ಮೂಡ್ ಬದಲಾಗುವುದು ಬೇರೆ, ಬೈಪೋಲಾರ್ ಎಪಿಸೋಡ್ ಬೇರೆ: ನಿದ್ದೆಯಿಂದ ಶುರು ಮಾಡಿದ ಟಿಪ್ಪಣಿ

"ಬೆಳಿಗ್ಗೆ ಖುಷಿಯಾಗಿರ್ತೀನಿ, ಸಂಜೆ ಸುಮ್ನೆ ಬೇಜಾರಾಗುತ್ತೆ. ನನಗೂ ಬೈಪೋಲಾರ್ ಇರಬಹುದಾ?" ತರಗತಿಯಲ್ಲಿ ಬೈಪೋಲಾರ್ ಕಾಯಿಲೆಯ ಪಾಠ ನಡೆದ ದಿನ ಪಕ್ಕದಲ್ಲಿ ಕೂತಿದ್ದ ಗೆಳತಿ ಕೇಳಿದ ಪ್ರಶ್ನೆ ಇದು. ಅವಳಿಗೆ ಉತ್ತರ ಹೇಳಲು ಹೊರಟಾಗಲೇ ನನಗೆ ವಿಷಯ ಸರಿಯಾಗಿ ಅರ್ಥವಾಗಿದ್ದು. ಹಾಗಾಗಿ ಅದೇ ದಾರಿಯಲ್ಲಿ ಬರೆಯುತ್ತಿದ್ದೇನೆ.

ಬೈಪೋಲಾರ್ ಎಂದರೆ ಮೂಡ್ ಕೆಲವು ಕಾಲ ವಿಪರೀತ ಏರುವ, ಎಷ್ಟೋ ಸಲ ಕುಗ್ಗುವುದೂ ಇರುವ ಕಾಯಿಲೆ. ಅದರಲ್ಲಿ ನಾವು ನೋಡಬೇಕಾದದ್ದು ಮೂಡ್ ಎಷ್ಟು ಸಲ ಏರಿಳಿಯಿತು ಎಂದಲ್ಲ. ಏರಿದ ಅಥವಾ ಇಳಿದ ಮೂಡ್ ಅಲ್ಲೇ ನಿಂತುಬಿಟ್ಟಿದೆಯಾ ಎಂದು. ಹಾಗೆ ನಿಂತುಬಿಡುವ ಅವಧಿಯನ್ನೇ ಎಪಿಸೋಡ್ ಎನ್ನುತ್ತೇವೆ. ಮೇನಿಯಾ ಎನ್ನಬೇಕಾದರೆ ಮೂಡ್ ಮತ್ತು ಚೈತನ್ಯ ಎರಡೂ ಏರಿರಬೇಕು. ಅದೂ ದಿನದ ಬಹುಪಾಲು, ಹೆಚ್ಚುಕಡಿಮೆ ದಿನಾಲೂ, ಕನಿಷ್ಠ ಒಂದು ವಾರ. ಅಷ್ಟರೊಳಗೇ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ವಾರ ತುಂಬಲೇಬೇಕು ಎಂದಿಲ್ಲ. ಗೆಳತಿಯ ಬೇಜಾರು ಅಮ್ಮನ ಜೊತೆ ಫೋನಲ್ಲಿ ಮಾತಾಡಿದ ಮೇಲೆ ಕರಗುತ್ತದೆ. ಎಪಿಸೋಡ್ ಹಾಗೆ ಕರಗುವುದಿಲ್ಲ. ಒಳ್ಳೆ ಸುದ್ದಿ ಬಂದರೂ ಕೆಟ್ಟ ಸುದ್ದಿ ಬಂದರೂ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಒಂದು ಕೇಸು ನೋಡೋಣ. ಕಲಿಯಲಿಕ್ಕೆಂದು ನಾನೇ ಕಟ್ಟಿದ ಕೇಸು, ನಿಜವಾದ ವ್ಯಕ್ತಿಯದ್ದಲ್ಲ.

ಇಪ್ಪತ್ಮೂರು ವರ್ಷದ ಹುಡುಗ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತು ಕಡಿಮೆ. ಅಕ್ಕನ ಮದುವೆಯಲ್ಲಿ ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಮದುವೆ ಮುಗಿಯಿತು, ಮನೆಯವರೆಲ್ಲ ಸುಸ್ತಾಗಿ ಮಲಗಿದರು. ಇವನು ಮಾತ್ರ ಎರಡು ಗಂಟೆ ಮಲಗಿ ಎದ್ದು ಚಪ್ಪರದ ಕಂಬ ಬಿಚ್ಚುತ್ತಿದ್ದ. ಮದುವೆ ಹುಮ್ಮಸ್ಸು ಎಂದುಕೊಂಡರು. ಮೂರನೇ ದಿನ ಗಿರಾಕಿಗಳ ಜೊತೆ ಬಿಡದೆ ಮಾತಾಡತೊಡಗಿದ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ಐದನೇ ದಿನ ಮೂರು ಊರಲ್ಲಿ ಅಂಗಡಿ ತೆರೆಯುತ್ತೇನೆಂದು ಸಾಲ ಮಾಡಿ ಅಡ್ವಾನ್ಸ್ ಕೊಟ್ಟು ಬಂದ. "ಅಷ್ಟು ದುಡ್ಡು ಎಲ್ಲಿಂದ ತರ್ತೀಯೋ?" ಎಂದು ಅಪ್ಪ ಕೇಳಿದ್ದಕ್ಕೆ ರೇಗಿ ತಟ್ಟೆ ಎಸೆದ. ಎಂಟನೇ ದಿನ ಆಸ್ಪತ್ರೆಗೆ ಕರೆದುಕೊಂಡು ಬಂದರು. ಅಮ್ಮ ಹೇಳಿದ್ದು ಇಷ್ಟು: "ಇವನು ನನ್ನ ಮಗ ಅಂತಾನೇ ಅನ್ನಿಸ್ತಿಲ್ಲ ಮೇಡಂ."

ಅಮ್ಮನ ಈ ಮಾತನ್ನು ಕೇಸ್ ಶೀಟಿನಲ್ಲಿ ಹಾಗೇ ಬರೆದುಕೊಳ್ಳಿ. ಮೊದಲಿನಿಂದಲೂ ಮಾತುಗಾರನಾದವನು ಮಾತಾಡಿದರೆ ಅದು ಲಕ್ಷಣವಲ್ಲ. ಅವನ ಮಾಮೂಲಿ ಸ್ವಭಾವಕ್ಕೂ ಈಗಿನದ್ದಕ್ಕೂ ಇರುವ ಅಂತರವೇ ಲಕ್ಷಣ. ಆ ಅಂತರ ಮೇನಿಯಾದಲ್ಲಿರುವವರಿಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಅವರಿಗೆ ತಾವು ಚೆನ್ನಾಗೇ ಇದ್ದೇವೆ ಅನ್ನಿಸುತ್ತಿರುತ್ತದೆ. ಆದ್ದರಿಂದ ಮನೆಯವರ ಜೊತೆ ಮಾತಾಡದೆ ಈ ಕೇಸು ಪೂರ್ತಿ ಆಗುವುದಿಲ್ಲ.

ಈಗ ನಿದ್ದೆಯ ವಿಷಯ. ನನ್ನ ಲೆಕ್ಕದಲ್ಲಿ ಇಡೀ ಪಾಠದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. "ನಿದ್ದೆ ಬರಲ್ಲ" ಮತ್ತು "ನಿದ್ದೆ ಬೇಕಾಗಿಲ್ಲ" ಎರಡೂ ಬೇರೆ ಬೇರೆ. ಪರೀಕ್ಷೆಯ ಚಿಂತೆಯಲ್ಲಿ ಮೂರು ಗಂಟೆ ಮಲಗಿದವರಿಗೆ ಮರುದಿನ ಕಣ್ಣು ಉರಿಯುತ್ತದೆ, ತಲೆ ಭಾರ, ಮಧ್ಯಾಹ್ನ ತೂಕಡಿಕೆ. ಅವರಿಗೆ ನಿದ್ದೆ ಬೇಕು, ಸಿಗುತ್ತಿಲ್ಲ. ಮೇನಿಯಾದಲ್ಲಿ ಇರುವವರು ಎರಡು ಮೂರು ಗಂಟೆ ಮಲಗಿ ಎದ್ದರೂ ತಾಜಾ ಆಗಿರುತ್ತಾರೆ. ದಿನವಿಡೀ ಓಡಾಡುತ್ತಾರೆ, ಆ ರಾತ್ರಿಯೂ ನಿದ್ದೆ ಬೇಡ. ಹಾಗಾಗಿ "ಎಷ್ಟು ಗಂಟೆ ಮಲಗಿದ್ರಿ?" ಎಂದು ಕೇಳಿ ನಿಲ್ಲಿಸಬೇಡಿ. "ಮರುದಿನ ಸುಸ್ತಾಯ್ತಾ?" ಎಂದು ಕೇಳಿ. ನಿದ್ದೆಗೆಡುವುದು ಮೇನಿಯಾದ ಲಕ್ಷಣ ಮಾತ್ರವಲ್ಲ, ಈ ಕಾಯಿಲೆ ಬರುವ ಸ್ವಭಾವ ಇರುವವರಲ್ಲಿ ಅದನ್ನು ಕೆರಳಿಸಲೂಬಹುದು. ನಮ್ಮ ಹುಡುಗನ ಕಥೆ ಮದುವೆ ಮನೆಯಿಂದ ಶುರುವಾದದ್ದು ಅದಕ್ಕೇ.

ಉಳಿದ ಲಕ್ಷಣಗಳನ್ನು ಎಣಿಸಿ ನೋಡೋಣ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಏಳರಲ್ಲಿ ಮೂರು ಇರಬೇಕು. ಇವನಲ್ಲಿ ನಿದ್ದೆ ಬೇಡವಾದದ್ದು, ಮಿತಿಮೀರಿದ ಮಾತು, ಯೋಚನೆಗಳ ಓಟ, ಬಿಡುವಿಲ್ಲದ ಚಟುವಟಿಕೆ, ಹಿಂದುಮುಂದು ನೋಡದ ಖರ್ಚು, ಇಷ್ಟೂ ಕಾಣುತ್ತವೆ. ತನ್ನ ಬಗ್ಗೆ ಅತಿಯಾದ ನಂಬಿಕೆ ಮತ್ತು ಗಮನ ಚದುರುವುದು ಇದೆಯಾ ಎಂದು ಕೇಳಿ ನೋಡಬೇಕು. ಖುಷಿಯೇ ಇಲ್ಲದೆ ಬರೀ ಸಿಡುಕು ಇದ್ದರೂ ಮೇನಿಯಾ ಆಗಬಹುದು, ಆಗ ಮೂರರ ಬದಲು ನಾಲ್ಕು ಲಕ್ಷಣ ಬೇಕು. ನಾವು ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಮೇನಿಯಾ ಎಂದರೆ ನಗುಮುಖ ಎಂದು ಹುಡುಕುತ್ತೇವೆ, ತಟ್ಟೆ ಎಸೆದವನನ್ನು ಕೋಪಿಷ್ಠ ಎಂದು ಬರೆದುಬಿಡುತ್ತೇವೆ.

ಇದರ ಜೊತೆಗೆ ಬದುಕಿಗೆ ದೊಡ್ಡ ಏಟು ಬಿದ್ದಿರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿಸಬೇಕಾಗಿರಬೇಕು, ಅಥವಾ ಭ್ರಮೆಗಳು ಇರಬೇಕು. ಥೈರಾಯ್ಡ್ ಜಾಸ್ತಿಯಾದರೂ, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡರೂ, ಕೆಲವು ಮಾದಕ ವಸ್ತುಗಳಿಂದಲೂ ಇಂಥದ್ದೇ ಚಿತ್ರ ಕಾಣಬಹುದು. ಹಾಗಾಗಿ ರಕ್ತ ಪರೀಕ್ಷೆ ಮತ್ತು ಔಷಧಿಗಳ ವಿಚಾರಣೆ ಬಿಡುವಂತಿಲ್ಲ.

ಮೇನಿಯಾಗಿಂತ ಸೌಮ್ಯವಾದದ್ದು ಹೈಪೋಮೇನಿಯಾ. ಅದರಲ್ಲೂ ಲಕ್ಷಣಗಳು ಇವೇ. ನಾಲ್ಕು ದಿನ ಇದ್ದರೆ ಸಾಕು. ಬದಲಾವಣೆ ಬೇರೆಯವರ ಕಣ್ಣಿಗೆ ಬಿದ್ದಿರುತ್ತದೆ, ಆದರೆ ಕೆಲಸ, ಸಂಸಾರ ಕುಸಿದಿರುವುದಿಲ್ಲ, ಭ್ರಮೆಗಳೂ ಇರುವುದಿಲ್ಲ. ಇದನ್ನು ಕಾಯಿಲೆ ಎಂದು ಹೇಳಿಕೊಂಡು ಬರುವವರು ಕಡಿಮೆ. ಬರುವುದು ಡಿಪ್ರೆಶನ್ ಆದಾಗ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಸಾಯಬೇಕು ಅನ್ನಿಸುತ್ತಿದೆ. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಲೇಬೇಕು. ಆಮೇಲೆ ಇನ್ನೊಂದನ್ನೂ ಕೇಳಬೇಕು: "ಹಿಂದೆ ಯಾವಾಗಲಾದರೂ ಇದಕ್ಕೆ ಉಲ್ಟಾ, ನಿದ್ದೆಯೇ ಬೇಡ, ಭಾರೀ ಹುರುಪು ಅನ್ನುವ ಹಾಗೆ ಕೆಲವು ದಿನ ಇದ್ವಾ?" ಇದನ್ನು ಕೇಳದೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವರಲ್ಲಿ ಮೂಡ್ ಮೇನಿಯಾ ಕಡೆಗೆ ತಿರುಗಿಬಿಡಬಹುದು.

ಗೆಳತಿಗೆ ಇನ್ನೊಂದು ಅನುಮಾನವಿತ್ತು: "ದಿನಕ್ಕೆ ನಾಲ್ಕು ಸಲ ಮೂಡ್ ಬದಲಾದರೆ ಅದೇ ರ‍್ಯಾಪಿಡ್ ಸೈಕ್ಲಿಂಗ್ ಅಲ್ವಾ?" ಅಲ್ಲ. ಒಂದು ವರ್ಷದಲ್ಲಿ ನಾಲ್ಕು ಅಥವಾ ಜಾಸ್ತಿ ಪೂರ್ತಿ ಎಪಿಸೋಡ್‌ಗಳು ಬಂದರೆ ಆ ಹೆಸರು. ಗಂಟೆಗಂಟೆಗೂ ಮೂಡ್ ಬದಲಾಗಿ ಕಷ್ಟವಾಗುತ್ತಿದ್ದರೆ ಅದಕ್ಕೂ ಗಮನ ಕೊಡಬೇಕು, ಆದರೆ ಕಾರಣವನ್ನು ಬೇರೆ ಕಡೆಯೂ ಹುಡುಕಬೇಕು. ಒಂದು ಎಚ್ಚರಿಕೆ: ಮೇನಿಯಾದ ಓಟ ಮತ್ತು ಡಿಪ್ರೆಶನ್‌ನ ಕತ್ತಲೆ ಒಟ್ಟಿಗೇ ಇರುವ ಮಿಶ್ರ ಸ್ಥಿತಿಯೂ ಇದೆ. ಮೇಲುನೋಟಕ್ಕೆ ಅದು ಬರೀ ಮೂಡ್ ಸ್ವಿಂಗ್ ಹಾಗೆ ಕಾಣುತ್ತದೆ, ಆದರೆ ಜೀವಕ್ಕೆ ಅಪಾಯ ಅದರಲ್ಲಿ ಜಾಸ್ತಿ. ಇಂಥ ಹೊತ್ತಲ್ಲಿ ಯಾರ ಹತ್ತಿರ ಮಾತಾಡಬೇಕು ಎಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಕೇಸಿನ ಹುಡುಗನಿಗೆ ಇದು ಬೈಪೋಲಾರ್ ಒನ್, ಅಂದರೆ ಮೇನಿಯಾ ಬರುವ ಬಗೆಯ ಬೈಪೋಲಾರ್. ಡಿಪ್ರೆಶನ್ ಇನ್ನೂ ಬಂದಿಲ್ಲವಲ್ಲ ಎಂದು ಕಾಯಬೇಕಾಗಿಲ್ಲ, ಬೇರೆ ಕಾರಣ ಇಲ್ಲವೆಂದಾದರೆ ಒಂದೇ ಒಂದು ಮೇನಿಯಾ ಎಪಿಸೋಡ್ ಸಾಕು. ಮೂಡ್ ಹಿಡಿತಕ್ಕೆ ತರುವ ಮಾತ್ರೆ ಶುರುವಾಗುತ್ತದೆ. ಅಮ್ಮನಿಗೆ ಒಂದು ಕೆಲಸ ಹೇಳಿಕೊಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಅವನು ಎಷ್ಟು ಗಂಟೆ ಮಲಗಿದ, ಎದ್ದಾಗ ಹೇಗಿದ್ದ ಎಂದು ಬರೆಯುವುದು. ಸತತ ಎರಡು ರಾತ್ರಿ ಮೂರು ನಾಲ್ಕು ಗಂಟೆ ಮಲಗಿಯೂ ಸುಸ್ತಿಲ್ಲದೆ ಓಡಾಡಿದರೆ ಮೂರನೇ ರಾತ್ರಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಬೇಕು. ಮುಂದಿನ ಮದುವೆಗೋ ಜಾತ್ರೆಗೋ ಹೋದಾಗ ಅವನು ರಾತ್ರಿ ಹತ್ತಕ್ಕೇ ಮಲಗಲು ಒಂದು ಕೋಣೆ ಬಿಟ್ಟುಕೊಡಲು ಮನೆಯವರಿಗೆ ಹೇಳಿ.